ಫ್ಯಾಕ್ಟರಿ ಚಾವಣಿಗೆ ಟಿಪಿಒ ಶೀಟ್: ಸ್ಕ್ರೂ ಲೆಕ್ಕದಿಂದ ಬೆಸುಗೆ ಪರೀಕ್ಷೆಯವರೆಗೆ

ದೊಡ್ಡ ಗೋದಾಮಿನ ಚಾವಣಿಗೆ ಟಿಪಿಒ ಎಂಬ ಒಂದೇ ಪದರದ ಪ್ಲಾಸ್ಟಿಕ್ ಶೀಟ್ ಹಾಕಿಸುತ್ತೇವೆ ಎಂದಾಗ ಎಲ್ಲರೂ ಕೇಳುವ ಮೊದಲ ಪ್ರಶ್ನೆ ಒಂದೇ: "ನೀರು ಸೋರಲ್ಲ ತಾನೇ?" ಇನ್ನೊಂದು ಪ್ರಶ್ನೆಯನ್ನು ಯಾರೂ ಕೇಳುವುದಿಲ್ಲ. ಗಾಳಿಗೆ ಅದು ಹಾರಿಹೋಗಲ್ಲ ತಾನೇ? ಒಂದೂವರೆ ಮಿ.ಮೀ. ದಪ್ಪದ ಟಿಪಿಒ ಶೀಟ್ ಒಂದು ಚದರ ಮೀಟರಿಗೆ ಒಂದೂವರೆ ಕಿಲೋ ಚಿಲ್ಲರೆ ತೂಗುತ್ತದೆ, ಅಷ್ಟೇ. ಗಾಳಿ ಅದನ್ನು ಮೇಲಕ್ಕೆ ಎಳೆಯುವ ಬಲ ಅದಕ್ಕಿಂತ ಎಷ್ಟೋ ಪಟ್ಟು ಜಾಸ್ತಿ. ಹಾಗಾಗಿ ಈ ಕೆಲಸದಲ್ಲಿ ಲೆಕ್ಕ ಶುರುವಾಗುವುದು ಮಳೆಯಿಂದಲ್ಲ, ಗಾಳಿಯಿಂದ.

ಇಲ್ಲಿ ನಾನು ಒಂದೇ ಬಗೆಯ ಚಾವಣಿಯನ್ನು ಹಿಡಿದು ಹೇಳುತ್ತೇನೆ. ಕೆಳಗೆ ಏರುತಗ್ಗಿನ ಸ್ಟೀಲ್ ಡೆಕ್, ಅದರ ಮೇಲೆ ಪಾಲಿಥೀನ್ ಹಾಳೆ, ಅದರ ಮೇಲೆ ಶಾಖ ತಡೆಯಲು 100 ಮಿ.ಮೀ. ರಾಕ್‌ವೂಲ್ ಹಲಗೆ, ಎಲ್ಲಕ್ಕಿಂತ ಮೇಲೆ ಟಿಪಿಒ ಶೀಟ್. ಶೀಟನ್ನು ಅಂಟಿನಿಂದ ಕೂರಿಸುವುದಿಲ್ಲ. ಸ್ಕ್ರೂ ಮತ್ತು ವಾಷರ್‌ನಿಂದ ಡೆಕ್‌ಗೆ ಬಿಗಿದು, ಜೋಡಣೆಗಳನ್ನು ಬಿಸಿ ಗಾಳಿಯಿಂದ ಬೆಸೆಯುತ್ತೇವೆ. ಉದಾಹರಣೆಗೆ ಬೆಂಗಳೂರಿನ ಹೊರವಲಯದಲ್ಲಿ 120 ಮೀಟರ್ ಉದ್ದ, 60 ಮೀಟರ್ ಅಗಲ, 12 ಮೀಟರ್ ಎತ್ತರದ ಒಂದು ಗೋದಾಮು ಎಂದುಕೊಳ್ಳೋಣ.

ಎಲ್ಲವೂ ನಡೆಯುವುದು ಒಂದು ಗೇಣು ಪಟ್ಟಿಯಲ್ಲಿ

ಮೊದಲು ಜೋಡಣೆಯ ರಚನೆ ಅರ್ಥವಾಗಬೇಕು. ಮೊದಲ ಶೀಟನ್ನು ಹಾಸಿ ಅದರ ಅಂಚಿನ ಉದ್ದಕ್ಕೂ ಸ್ಕ್ರೂ ಹೊಡೆಯುತ್ತೇವೆ. ವಾಷರ್‌ನ ಹೊರಬದಿ ಶೀಟಿನ ಅಂಚಿನಿಂದ ಕನಿಷ್ಠ 10 ಮಿ.ಮೀ. ಒಳಗಿರಬೇಕು. ಆಮೇಲೆ ಎರಡನೇ ಶೀಟು ಆ ಸ್ಕ್ರೂಗಳನ್ನು ಮುಚ್ಚುವಂತೆ ಮೇಲೆ ಬರುತ್ತದೆ. ವಾಷರ್ ದಾಟಿದ ಮೇಲೆ ಕನಿಷ್ಠ 30 ಮಿ.ಮೀ. ಅಗಲದ ಬೆಸುಗೆ. ಹೀಗೆ ಒಂದು ಶೀಟಿನ ಮೇಲೆ ಇನ್ನೊಂದು ಬರುವ ಅಗಲವೇ ಲ್ಯಾಪ್, ಎಲ್ಲ ಸೇರಿ ಅದು 100ರಿಂದ 120 ಮಿ.ಮೀ. ಬೇಕಾಗುತ್ತದೆ.

ಈಗ ಗಾಳಿ ಬೀಸಿ ಎರಡನೇ ಶೀಟು ಮೇಲೆದ್ದಿತು ಎಂದುಕೊಳ್ಳಿ. ಈ ಅಂಚಿನಲ್ಲಿ ಅದಕ್ಕೆ ಸ್ವಂತ ಸ್ಕ್ರೂ ಇಲ್ಲ. ಅದರ ಎಳೆತ ಬೆಸುಗೆಯ ಮೂಲಕ ಕೆಳಗಿನ ಶೀಟಿಗೆ ಹೋಗಿ, ಅಲ್ಲಿಂದ ವಾಷರ್‌ಗೆ, ಸ್ಕ್ರೂಗೆ, ಕೊನೆಗೆ ಡೆಕ್‌ಗೆ ಹೋಗುತ್ತದೆ. ಅಂದರೆ ಬೆಸುಗೆ ನೀರು ತಡೆಯುವುದಷ್ಟೇ ಅಲ್ಲ, ಚಾವಣಿಯನ್ನೂ ಹಿಡಿದುಕೊಂಡಿದೆ. ಅದೂ ಬಾಳೆಹಣ್ಣಿನ ಸಿಪ್ಪೆ ಸುಲಿಯುವ ರೀತಿಯ ಎಳೆತಕ್ಕೆ ಸಿಕ್ಕಿಕೊಂಡು. ಅರ್ಧಂಬರ್ಧ ಬೆಸುಗೆ ಮಳೆಯನ್ನು ಒಂದು ವರ್ಷ ತಡೆದೀತು, ಒಂದು ಜೋರು ಗಾಳಿಯನ್ನು ತಡೆಯಲಾರದು.

ಸ್ಕ್ರೂ ಲೆಕ್ಕ

ಕಟ್ಟಡಗಳ ಮೇಲಿನ ಗಾಳಿ ಬಲಕ್ಕೆ ಇರುವ ಭಾರತೀಯ ಮಾನಕ ಐಎಸ್ 875ರ ಮೂರನೇ ಭಾಗದ ಪ್ರಕಾರ ಬೆಂಗಳೂರಿನ ಮೂಲ ಗಾಳಿ ವೇಗ ಸೆಕೆಂಡಿಗೆ 33 ಮೀಟರ್. ಬಯಲು ಜಾಗ, ಎತ್ತರ 12 ಮೀಟರ್ ಇದ್ದರೂ ನಾನು 15 ಮೀಟರಿನ ಗುಣಕ 1.05 ಹಿಡಿಯುತ್ತೇನೆ. ಆಗ ವೇಗ 34.65. ಒತ್ತಡ ಹೀಗೆ ಬರುತ್ತದೆ:

0.6 × 34.65 × 34.65 = 720 ನ್ಯೂಟನ್, ಒಂದು ಚದರ ಮೀಟರಿಗೆ.

ಇದು ಬರೀ ಗಾಳಿಯ ಒತ್ತಡ. ಚಾವಣಿಯ ಮೇಲಿನ ಎಳೆತಕ್ಕೆ ಇದನ್ನು ಗುಣಕದಿಂದ ಗುಣಿಸಬೇಕು. ಚಪ್ಪಟೆ ಚಾವಣಿಯ ನಡುಭಾಗಕ್ಕೆ 0.8, ಅಂಚು ಮತ್ತು ಮೂಲೆಗೆ 2.0 ಹಿಡಿದಿದ್ದೇನೆ. ಇದರ ಜೊತೆಗೆ ಒಳಗಿನಿಂದ ತಳ್ಳುವ ಗಾಳಿಯೂ ಇದೆ. ಗೋದಾಮಿಗೆ ಲಾರಿ ನಿಲ್ಲುವ ದೊಡ್ಡ ಬಾಗಿಲುಗಳಿರುತ್ತವೆ. ಡೆಕ್ ಶೀಟುಗಳ ಸಂದಿನಲ್ಲಿ ಗಾಳಿ ನುಸುಳಿ ಟಿಪಿಒ ಕೆಳಗೆ ತಲುಪುತ್ತದೆ. ಅದಕ್ಕೆ ಇನ್ನೊಂದು 0.5. ಹಾಗಾಗಿ ನಡುಭಾಗಕ್ಕೆ 1.3, ಅಂಚಿಗೆ 2.5.

ನಡುಭಾಗದಲ್ಲಿ 936, ಅಂಚಿನಲ್ಲಿ 1800 ನ್ಯೂಟನ್ ಬಂತು. ಕಿಲೋ ಲೆಕ್ಕದಲ್ಲಿ ಹೇಳಿದರೆ ಒಂದೂವರೆ ಕಿಲೋ ಶೀಟನ್ನು ಅಂಚಿನಲ್ಲಿ 183 ಕಿಲೋ ಬಲ ಎಳೆಯುತ್ತಿದೆ. ಸುರಕ್ಷತೆಗೆ ಒಂದೂವರೆ ಪಟ್ಟು ಮಾಡಿದರೆ 1404 ಮತ್ತು 2700.

ಒಂದು ಸ್ಕ್ರೂ ಎಷ್ಟು ತಡೆಯುತ್ತದೆ? ಇದನ್ನು ಸ್ಕ್ರೂ ಡಬ್ಬಿಯ ಮೇಲಿನ ಅಂಕಿ ನೋಡಿ ಹೇಳಬಾರದು. ಶೀಟು, ವಾಷರ್, ಸ್ಕ್ರೂ, ಡೆಕ್ ನಾಲ್ಕೂ ಸೇರಿದ ಗಾಳಿ ಪರೀಕ್ಷೆಯ ಅಂಕಿಯನ್ನು ಶೀಟ್ ತಯಾರಕರಿಂದ ಕೇಳಿ ತರಿಸಿಕೊಳ್ಳಿ. ಉದಾಹರಣೆಗೆ 500 ನ್ಯೂಟನ್ ಎಂದುಕೊಳ್ಳೋಣ. ಆಗ ನಡುಭಾಗದಲ್ಲಿ ಚದರ ಮೀಟರಿಗೆ 2.8 ಸ್ಕ್ರೂ, ಅಂಚಿನಲ್ಲಿ 5.4 ಬೇಕು.

ಈ ಅಂಕಿಗೆ ಸರಿಯಾಗಿ ಎಲ್ಲೆಂದರಲ್ಲಿ ಸ್ಕ್ರೂ ಹೊಡೆಯಲು ಆಗುವುದಿಲ್ಲ, ಅದೇ ಇಲ್ಲಿಯ ತಮಾಷೆ. ಸ್ಕ್ರೂ ಡೆಕ್‌ನ ಏರಿಗೇ ಕೂರಬೇಕು, ತಗ್ಗಿಗಲ್ಲ. ನಮ್ಮ ಡೆಕ್‌ನಲ್ಲಿ ಏರಿನಿಂದ ಏರಿಗೆ 250 ಮಿ.ಮೀ. ಅಂದರೆ ಒಂದು ಸಾಲಿನಲ್ಲಿ ಸ್ಕ್ರೂ ಅಂತರ 250 ಎಂದು ಡೆಕ್ ಆಗಲೇ ತೀರ್ಮಾನ ಮಾಡಿಬಿಟ್ಟಿದೆ. ನಮ್ಮ ಕೈಯಲ್ಲಿ ಉಳಿದಿರುವುದು ಸಾಲಿನಿಂದ ಸಾಲಿಗೆ ಇರುವ ಅಂತರ, ಅಂದರೆ ರೋಲಿನ ಅಗಲ. ಎರಡು ಮೀಟರ್ ಅಗಲದ ರೋಲು ತಂದರೆ ಜೋಡಣೆ ಕಡಿಮೆ, ಕೆಲಸ ಬೇಗ, ಆದರೆ ಚದರ ಮೀಟರಿಗೆ ಎರಡು ಚಿಲ್ಲರೆ ಸ್ಕ್ರೂ ಮಾತ್ರ ಬೀಳುತ್ತದೆ. ಸಾಲದು. ಒಂದೂವರೆ ಮೀಟರ್ ರೋಲು ತಂದು 100 ಮಿ.ಮೀ. ಲ್ಯಾಪ್ ಬಿಟ್ಟರೆ ಸಾಲುಗಳ ನಡುವೆ 1.4 ಮೀಟರ್. ಒಂದು ಸ್ಕ್ರೂಗೆ 0.25 × 1.4 = 0.35 ಚದರ ಮೀಟರ್, ಅಂದರೆ ಚದರ ಮೀಟರಿಗೆ 2.86. ಸರಿಹೋಯಿತು.

ಉದ್ದನೆಯ ಅಂಚುಗಳಿಗೆ ಅದೇ ರೋಲನ್ನು ಅರ್ಧಕ್ಕೆ ಕತ್ತರಿಸಿ 750 ಮಿ.ಮೀ. ಪಟ್ಟಿ ಹಾಕಬೇಕು. ಲ್ಯಾಪ್ ಕಳೆದು 650 ಉಳಿಯುತ್ತದೆ. ಚದರ ಮೀಟರಿಗೆ 6 ಸ್ಕ್ರೂ ದಾಟುತ್ತದೆ. ಅಂಚು ಎಂದರೆ ಎಷ್ಟು ಅಗಲ? ಕಟ್ಟಡದ ಅಗಲದ ನೂರಕ್ಕೆ 15 ಅಥವಾ ಎತ್ತರ, ಯಾವುದು ಕಡಿಮೆಯೋ ಅದು. ನಮಗೆ 9 ಮೀಟರ್. ಇನ್ನು ಎರಡು ತುದಿಗಳ ಅಗಲದ ಕಡೆ, ನಡುಭಾಗದಿಂದ ಬರುವ ಪೂರ್ತಿ ಅಗಲದ ಶೀಟು ಹಾಗೇ ಮುಂದುವರಿಯುತ್ತದೆ. ಅಲ್ಲಿ ಕೊನೆಯ 9 ಮೀಟರಿನಲ್ಲಿ ಶೀಟಿನ ನಟ್ಟನಡುವೆ ಇನ್ನೊಂದು ಸಾಲು ಸ್ಕ್ರೂ ಹೊಡೆದು, ಅದರ ಮೇಲೆ ಟಿಪಿಒ ಪಟ್ಟಿ ಇಟ್ಟು ಎರಡೂ ಬದಿ ಬೆಸೆಯಬೇಕು.

ಒಟ್ಟು ಕೂಡಿದರೆ ಒಂದು ವಿಷಯ ಕಣ್ಣಿಗೆ ಹೊಡೆಯುತ್ತದೆ. ನಡುಭಾಗ 4,284 ಚದರ ಮೀಟರ್, ಅದಕ್ಕೆ ಸುಮಾರು 12,200 ಸ್ಕ್ರೂ. ಅಂಚು 2,916 ಚದರ ಮೀಟರ್, ಅದಕ್ಕೆ ಸುಮಾರು 17,600. ಜಾಗ ಕಡಿಮೆ, ಸ್ಕ್ರೂ ಜಾಸ್ತಿ. ಕೊಟೇಶನ್‌ನಲ್ಲಿ ಇಡೀ ಚಾವಣಿಗೆ ಒಂದೇ ದರದಲ್ಲಿ ಸ್ಕ್ರೂ ತೋರಿಸಿದ್ದರೆ ಅಂಚಿನ ಲೆಕ್ಕ ಮಾಡಿಲ್ಲ ಎಂದೇ ತಿಳಿಯಿರಿ. ಈ ಲೆಕ್ಕ ದಾರಿ ತೋರಿಸುವುದಕ್ಕೆ. ನಿಮ್ಮ ಕಟ್ಟಡಕ್ಕೆ ಸ್ಟ್ರಕ್ಚರಲ್ ಎಂಜಿನಿಯರ್ ಸಹಿ ಮಾಡಿದ ಲೆಕ್ಕವೇ ಬೇಕು. ಮಂಗಳೂರಿನಲ್ಲಿ ಮೂಲ ವೇಗ 39, ಚೆನ್ನೈನಲ್ಲಿ 50. ಒತ್ತಡ ವೇಗದ ವರ್ಗದಷ್ಟು ಏರುವುದರಿಂದ ಚೆನ್ನೈನಲ್ಲಿ ಇದೇ ಗೋದಾಮಿಗೆ ಎರಡು ಪಟ್ಟಿಗಿಂತ ಜಾಸ್ತಿ ಬಲ ಬರುತ್ತದೆ.

ಹಾಸುವುದು, ಬಿಗಿಯುವುದು

ಡೆಕ್ ಕನಿಷ್ಠ 0.7 ಮಿ.ಮೀ. ದಪ್ಪ ಇರಬೇಕು. ಹಳೆಯ ಚಾವಣಿಯಾದರೆ ತುಕ್ಕು ಹಿಡಿದಿರುತ್ತದೆ, ಆದ್ದರಿಂದ ಬೇರೆ ಬೇರೆ ಕಡೆ ಹತ್ತಾರು ಸ್ಕ್ರೂ ಹೊಡೆದು ಎಳೆಯುವ ಉಪಕರಣದಿಂದ ಕಿತ್ತು ನೋಡಿ. ರೋಲುಗಳನ್ನು ಕ್ರೇನ್‌ನಿಂದ ಏರಿಸಿದಾಗ ಒಂದೇ ಕಡೆ ರಾಶಿ ಹಾಕಬೇಡಿ. ಕೆಳಗೆ ತೊಲೆ ಇರುವ ಕಡೆ ಹಂಚಿ ಇಡಿ.

ರಾಕ್‌ವೂಲ್ ಹಲಗೆಗಳನ್ನು ಇಟ್ಟಿಗೆ ಗೋಡೆಯಂತೆ ಸಂದು ತಪ್ಪಿಸಿ ಜೋಡಿಸಿ. ಹಲಗೆಗೆ ಕನಿಷ್ಠ ಎರಡು ಸ್ಕ್ರೂ ಬೇರೆಯೇ ಬೇಕು. ಅವು ಗಾಳಿ ಲೆಕ್ಕಕ್ಕೆ ಸೇರುವುದಿಲ್ಲ. ಆ ದಿನ ಟಿಪಿಒ ಮುಚ್ಚಲು ಆಗುವಷ್ಟೇ ಹಲಗೆ ಬಿಚ್ಚಿ ಹಾಸಿ. ನೆನೆದ ರಾಕ್‌ವೂಲ್ ಮತ್ತೆ ಒಣಗುತ್ತದೆ ಎಂದು ಕಾಯುವುದು ಸುಮ್ನೆ, ಕಿತ್ತು ಬದಲಾಯಿಸಿ.

ಟಿಪಿಒ ರೋಲನ್ನು ಡೆಕ್‌ನ ಏರುಗಳಿಗೆ ಅಡ್ಡವಾಗಿಯೇ ಬಿಡಿಸಬೇಕು. ಏರಿನ ಉದ್ದಕ್ಕೇ ಬಿಡಿಸಿದರೆ ಒಂದು ಸಾಲಿನ ಸ್ಕ್ರೂಗಳೆಲ್ಲ ಒಂದೇ ಏರಿಗೆ ಬಿದ್ದು, ಪೂರ್ತಿ ಭಾರ ಆ ಒಂದು ಏರಿನ ಮೇಲೆ ಬೀಳುತ್ತದೆ. ಬಿಡಿಸಿದ ಮೇಲೆ ಅರ್ಧ ಗಂಟೆ ಹಾಗೇ ಬಿಡಿ, ರೋಲಿನ ಸುತ್ತು ಬಿಟ್ಟು ಶೀಟು ನೆಲ ಹಿಡಿಯುತ್ತದೆ. ಆಮೇಲೆ ಕೈಯಿಂದ ಎಳೆದು ನೇರ ಮಾಡಿ ಸ್ಕ್ರೂ ಹೊಡೆಯಿರಿ.

ಮೆತ್ತಗಿನ ರಾಕ್‌ವೂಲ್ ಮೇಲೆ ಬರೀ ಸ್ಟೀಲ್ ವಾಷರ್ ಹಾಕಬೇಡಿ. ಯಾರಾದರೂ ಅದರ ಪಕ್ಕದಲ್ಲಿ ಕಾಲಿಟ್ಟಾಗ ರಾಕ್‌ವೂಲ್ ಕುಗ್ಗುತ್ತದೆ, ವಾಷರ್ ಕೆಳಗೆ ಹೋಗುತ್ತದೆ, ಸ್ಕ್ರೂ ತಲೆ ಮಾತ್ರ ಅಲ್ಲೇ ನಿಂತು ಮೇಲಿನ ಶೀಟನ್ನು ಒಳಗಿನಿಂದ ಚುಚ್ಚುತ್ತದೆ. ಎಸಿ ರಿಪೇರಿಯವರು ಓಡಾಡುವ ದಾರಿಯಲ್ಲಿ ಸಾಲಾಗಿ ಸಣ್ಣ ತೂತು ಕಂಡರೆ ಕಾರಣ ಸಾಮಾನ್ಯವಾಗಿ ಇದೇ. ಇದಕ್ಕೆ ಪ್ಲಾಸ್ಟಿಕ್ ಕೊಳವೆ ಇರುವ ವಾಷರ್ ಬಳಸುತ್ತಾರೆ. ಸ್ಕ್ರೂ ತಲೆ ಕೊಳವೆಯ ತಳದಲ್ಲಿ ಕೂರುತ್ತದೆ. ತುಳಿದರೆ ಕೊಳವೆ ಸ್ಕ್ರೂ ಜೊತೆ ಜಾರುತ್ತದೆ, ಶೀಟಿಗೆ ಏನೂ ಆಗುವುದಿಲ್ಲ. ಕೊಳವೆಯ ಉದ್ದ ರಾಕ್‌ವೂಲ್ ದಪ್ಪಕ್ಕಿಂತ ಕಡಿಮೆ ಇರಬೇಕು. ಇಲ್ಲದಿದ್ದರೆ ಅದು ಡೆಕ್‌ಗೆ ತಾಗಿ ನಿಲ್ಲುತ್ತದೆ, ಬಿಗಿಯೂ ಆಗುವುದಿಲ್ಲ.

ಬಿಗಿ ಎಷ್ಟಿರಬೇಕು ಎಂದರೆ, ಬೆರಳಿಂದ ತಿರುಗಿಸಿದರೆ ವಾಷರ್ ತಿರುಗಬಾರದು, ಸುತ್ತಲೂ ಶೀಟು ಗುಳಿ ಬಿದ್ದು ಸುಕ್ಕೂ ಆಗಬಾರದು. ಸ್ಕ್ರೂ ಲೊಡ್ಡಾಗಿ ಸುಮ್ಮನೆ ತಿರುಗುತ್ತಿದ್ದರೆ ಡೆಕ್‌ನಲ್ಲಿ ತೂತು ಅಗಲವಾಗಿದೆ, ಅಥವಾ ಸ್ಕ್ರೂ ತಗ್ಗಿಗೆ ಬಿದ್ದಿದೆ. ಅದನ್ನು ಲೆಕ್ಕದಿಂದ ಬಿಟ್ಟು ಪಕ್ಕದಲ್ಲಿ ಇನ್ನೊಂದು ಹೊಡೆಯಿರಿ. ಒಂದು ಕೆಲಸದಲ್ಲಿ ಕೆಳಗೆ ಇಳಿದು ತಲೆಯೆತ್ತಿ ಡೆಕ್ ನೋಡಿದಾಗ ಒಂದು ಸಾಲಿನಲ್ಲಿ ಸ್ಕ್ರೂ ಮೊನೆಯೇ ಕಾಣಲಿಲ್ಲ. ಉದ್ದ ಸಾಲದ ಸ್ಕ್ರೂಗಳ ಪೆಟ್ಟಿಗೆ ಮೇಲೆ ಬಂದುಬಿಟ್ಟಿತ್ತು. ಅಂದಿನಿಂದ ದಿನಕ್ಕೊಮ್ಮೆ ಕೆಳಗಿನಿಂದ ನೋಡುವುದನ್ನು ಬಿಟ್ಟಿಲ್ಲ.

ಪ್ಯಾರಾಪೆಟ್ ಬುಡದಲ್ಲಿ ಬಿಡಿ ವಾಷರ್ ಸಾಲದು, ಉದ್ದನೆಯ ಲೋಹದ ಪಟ್ಟಿ ಬೇಕು. ಶೀಟು ಗಾಳಿಗೆ ಎದ್ದಾಗ ನಡುವಿನ ಕಡೆಗೆ ಎಳೆಯುತ್ತದೆ. ಆ ಎಳೆತ ಗೋಡೆಗೆ ಏರಿಸಿದ ತುಂಡನ್ನು ಸುಲಿಯದಂತೆ ಈ ಪಟ್ಟಿ ತಡೆಯುತ್ತದೆ.

ಬೆಸುಗೆ: ಶಾಖ, ವೇಗ, ಒತ್ತಡ

ಬೆಸುಗೆಗೆ ಅಂಟು ಇಲ್ಲ. ಎರಡು ಶೀಟುಗಳ ನಡುವೆ ಬಿಸಿ ಗಾಳಿ ಬಿಟ್ಟು ಎರಡರ ಮೈಯನ್ನೂ ಕರಗಿಸಿ, ಆ ಕ್ಷಣದಲ್ಲೇ ಒತ್ತುತ್ತೇವೆ. ಉದ್ದನೆಯ ಜೋಡಣೆಗೆ ತಾನೇ ಓಡುವ ಮಿಷನ್, ಮೂಲೆ ಮತ್ತು ಪೈಪುಗಳ ಸುತ್ತ ಕೈ ಗನ್ ಮತ್ತು ಸಿಲಿಕೋನ್ ರೋಲರ್.

ಮೊದಲು ಶುಚಿ. ನಮ್ಮ ಕೆಂಪು ಧೂಳು ಎಷ್ಟು ನುಣುಪೆಂದರೆ ಬಿಳಿ ಬಟ್ಟೆಯಿಂದ ಒರೆಸಿದಾಗಲೇ ಕಾಣುತ್ತದೆ. ಬೆಳಗಿನ ಇಬ್ಬನಿ ಪೂರ್ತಿ ಆರಬೇಕು. ಧೂಳು ಬರೀ ಒದ್ದೆ ಬಟ್ಟೆಗೆ ಹೋಗುತ್ತದೆ. ಬಿಸಿಲಿಗೆ ಕೆಲವು ದಿನ ಬಿದ್ದಿದ್ದ ಶೀಟಾದರೆ ತಯಾರಕರ ಕ್ಲೀನರ್ ಬೇಕು. ಕ್ಲೀನರ್ ಹಚ್ಚಿದ ಮೇಲೆ ಆರಲು ಬಿಡಿ, ಹಸಿ ಇದ್ದಾಗಲೇ ಬಿಸಿ ಮಾಡಬೇಡಿ. ಇನ್ನೊಂದು ಮಾತು: ಟಿಪಿಒ ಮತ್ತು ಪಿವಿಸಿ ನೋಡಲು ಅಣ್ಣತಮ್ಮಂದಿರಂತೆ ಇದ್ದರೂ ಒಂದಕ್ಕೊಂದು ಬೆಸೆಯುವುದಿಲ್ಲ. ಸ್ಟೋರ್‌ನಲ್ಲಿ ಎರಡೂ ಇದ್ದರೆ ಬೇರೆ ಬೇರೆ ಇಡಿ.

ಮಿಷನ್ನಿಗೆ ಯಾವ ಶಾಖ, ಯಾವ ವೇಗ? ಒಂದೂವರೆ ಮಿ.ಮೀ. ಟಿಪಿಒಗೆ ನಾನು 500 ಡಿಗ್ರಿ ಆಸುಪಾಸು, ನಿಮಿಷಕ್ಕೆ ಎರಡೂವರೆ ಮೀಟರ್‌ನಿಂದ ಶುರು ಮಾಡುತ್ತೇನೆ. ಇದು ಶುರು ಮಾಡಲು ಮಾತ್ರ. ಬೆಳಿಗ್ಗೆ ತಂಪಿನಲ್ಲಿ ಸರಿಯಾಗಿದ್ದ ಅಂಕಿ ಮಧ್ಯಾಹ್ನದ ಬಿಸಿಲಿಗೆ ಸುಡುತ್ತದೆ, ಸಂಜೆ ಗಾಳಿ ಎದ್ದರೆ ಸಾಲದಾಗುತ್ತದೆ. ಹಾಗಾಗಿ ಕೆಲಸ ಶುರುವಾಗುವ ಮುನ್ನ ಎರಡು ಬಿಡಿ ತುಂಡುಗಳನ್ನು ಬೆಸೆದು ನೋಡಲೇಬೇಕು. ಅದೇ ಚಾವಣಿಯ ಮೇಲೆ, ಅದೇ ಕೇಬಲ್‌ನಲ್ಲಿ. ಹತ್ತು ನಿಮಿಷ ತಣಿಯಲು ಬಿಟ್ಟು, ಬೆಸುಗೆಗೆ ಅಡ್ಡವಾಗಿ ಎರಡು ಬೆರಳು ಅಗಲದ ಪಟ್ಟಿ ಕತ್ತರಿಸಿ ಎರಡು ಕೈಯಿಂದ ಸುಲಿಯಿರಿ.

ಶೀಟಿನ ಮೇಲ್ಪದರವೇ ಕಿತ್ತು ಒಳಗಿನ ದಾರದ ಬಲೆ ಕಂಡರೆ ಬೆಸುಗೆ ಪಾಸು. ಎರಡು ಶೀಟು ನುಣುಪಾಗಿ, ಒಂದರ ಮೈಗೆ ಒಂದು ಏನೂ ಆಗದಂತೆ ಬಿಟ್ಟುಕೊಂಡರೆ ಅದು ಬೆಸುಗೆಯಲ್ಲ, ಬರೀ ಅಂಟಿಕೊಂಡಿತ್ತು. ಶಾಖ ಹೆಚ್ಚಿಸಿ ಅಥವಾ ವೇಗ ಇಳಿಸಿ. ಅಂಚು ಕಂದು ಬಣ್ಣಕ್ಕೆ ತಿರುಗಿ ಹೊಗೆ ಎದ್ದರೆ ಸುಟ್ಟಿದೆ. ಸುಟ್ಟಿದ್ದು ಕೂಡ ಗಟ್ಟಿಯಲ್ಲ. ಬಲೆ ಕಂಡ ಪಟ್ಟಿಯ ಅಗಲವನ್ನೂ ಅಳೆಯಿರಿ, ಕನಿಷ್ಠ 30 ಮಿ.ಮೀ. ಇರಬೇಕು. ಈ ಪಟ್ಟಿಯ ಮೇಲೆ ದಿನಾಂಕ, ಸಮಯ, ಶಾಖ, ವೇಗ ಬರೆದು ಇಟ್ಟುಕೊಳ್ಳಿ. ಬೆಳಿಗ್ಗೆ ಒಮ್ಮೆ, ಊಟ ಆದ ಮೇಲೆ ಒಮ್ಮೆ, ಮಿಷನ್ ಆರಿ ಮತ್ತೆ ಹೊತ್ತಿಸಿದಾಗ ಇನ್ನೊಮ್ಮೆ.

ಊಟದ ನಂತರದ ಪರೀಕ್ಷೆ ಯಾಕೆ ಎಂದು ಹುಡುಗರು ಗೊಣಗುತ್ತಾರೆ. ಒಂದು ಸೈಟಿನಲ್ಲಿ ಅದನ್ನು ಬಿಟ್ಟಿದ್ದರಿಂದ ಸಂಜೆ 200 ಮೀಟರ್ ಜೋಡಣೆಗೆ ಪಟ್ಟಿ ಹಾಕಬೇಕಾಯಿತು. ಬೆಳಿಗ್ಗೆ ಪಾಸಾಗಿದ್ದ ಅಂಕಿಯೇ, ಅದೇ ಮಿಷನ್, ಅದೇ ಆಪರೇಟರ್. ಬದಲಾಗಿದ್ದು ಒಂದೇ. ಚಾವಣಿಯ ಆಚೆ ತುದಿಗೆ ಹೋಗಲು 100 ಮೀಟರ್ ಉದ್ದದ ತೆಳು ಕೇಬಲ್ ಸೇರಿಸಿದ್ದರು.

ಲೆಕ್ಕ ಹಾಕಿ ನೋಡಿ. ಇಂಥ ಮಿಷನ್ 230 ವೋಲ್ಟ್‌ನಲ್ಲಿ ಸುಮಾರು 4,600 ವ್ಯಾಟ್ ಎಳೆಯುತ್ತದೆ, ಅಂದರೆ 20 ಆಂಪಿಯರ್. ಎರಡೂವರೆ ಚದರ ಮಿ.ಮೀ. ತಾಮ್ರದ ಕೇಬಲ್‌ನಲ್ಲಿ ಹೋಗಿ ಬರುವ 200 ಮೀಟರಿಗೆ ಸುಮಾರು ಒಂದೂವರೆ ಓಮ್ ತಡೆ. ಮಿಷನ್‌ಗೆ ತಲುಪುವುದು 204 ವೋಲ್ಟ್ ಆಸುಪಾಸು. ಶಾಖ ವೋಲ್ಟೇಜಿನ ವರ್ಗದಷ್ಟು ಇಳಿಯುವುದರಿಂದ ಸಿಗುವುದು ನೂರಕ್ಕೆ 78ರಷ್ಟು ಮಾತ್ರ. 6 ಚದರ ಮಿ.ಮೀ. ಕೇಬಲ್ ಹಾಕಿದ್ದರೆ ನೂರಕ್ಕೆ 90 ಸಿಗುತ್ತಿತ್ತು. ಶಾಖವನ್ನು ತಾನೇ ಸರಿಮಾಡಿಕೊಳ್ಳುವ ಮಿಷನ್ ಸ್ವಲ್ಪ ಮಟ್ಟಿಗೆ ಸಂಭಾಳಿಸುತ್ತದೆ, ಆದರೆ ಅದೂ ಇಲ್ಲದ ವಿದ್ಯುತ್ತನ್ನು ಎಲ್ಲಿಂದ ತರಬೇಕು? ಜನರೇಟರನ್ನು ಕಟ್ಟಡದ ಬುಡದಲ್ಲಿ ಕೆಲಸ ನಡೆಯುವ ಕಡೆಗೇ ಸರಿಸಿ. ಅದೇ ಜನರೇಟರ್‌ನಿಂದ ಕಟಿಂಗ್ ಮಿಷನ್‌ಗೂ ಲೈನ್ ಕೊಡಬೇಡಿ.

ಕೈ ಗನ್ನಿನ ಕೆಲಸಕ್ಕೆ 40 ಮಿ.ಮೀ. ಬಾಯಿ. ಮೊದಲು ಅಲ್ಲಲ್ಲಿ ಚುಕ್ಕೆ ಹಾಕಿ ಶೀಟು ಅಲುಗದಂತೆ ಮಾಡಿ. ಎರಡನೇ ಸುತ್ತಿನಲ್ಲಿ ಲ್ಯಾಪಿನ ಒಳಭಾಗ ಬೆಸೆಯಿರಿ, ಬಿಸಿ ಗಾಳಿ ಆಚೆ ಸೋರದಂತೆ ಅದು ಗೋಡೆಯಾಗುತ್ತದೆ. ಮೂರನೇ ಸುತ್ತಿನಲ್ಲಿ ಹೊರ ಅಂಚು. ಗನ್ ಬಾಯಿ ಓರೆಯಾಗಿ ಒಳಗಿರಲಿ, ರೋಲರ್ ಎರಡು ಬೆರಳು ಹಿಂದೆ ಹಿಂದೆಯೇ ಬರಲಿ.

ಮೂರು ಶೀಟು ಸೇರುವ ಜಾಗ

ಸೋರುವ ಚಾವಣಿಯಲ್ಲಿ ನಾನು ಮೊದಲು ಹೋಗಿ ಮಂಡಿಯೂರುವುದು ಇಲ್ಲಿಗೇ. ಎರಡು ರೋಲುಗಳ ತುದಿ ಸೇರುವ ಕಡೆ ಮೂರು ಪದರ ಒಂದರ ಮೇಲೊಂದು ಬರುತ್ತದೆ. ನಡುವಿನ ಶೀಟಿನ ಅಂಚು ಒಂದೂವರೆ ಮಿ.ಮೀ. ಮೆಟ್ಟಿಲು. ಮಿಷನ್ ಆ ಮೆಟ್ಟಿಲನ್ನು ಹಾರಿ ಮುಂದೆ ಹೋಗುತ್ತದೆ, ಬುಡದಲ್ಲಿ ಕೊಳವೆಯಂಥ ಸಂದು ಉಳಿಯುತ್ತದೆ. ನೀರಿಗೆ ಅಷ್ಟು ಸಾಕು.

ಮಾಡಬೇಕಾದ್ದು ಇಷ್ಟು. ನಡುವಿನ ಶೀಟಿನ ಅಂಚನ್ನು ಓರೆಯಾಗಿ ಹೆರೆದು ಮೆಟ್ಟಿಲನ್ನು ಇಳಿಜಾರು ಮಾಡಿ. ಮಿಷನ್ ದಾಟಿದ ತಕ್ಷಣ, ಬಿಸಿ ಇರುವಾಗಲೇ, ಸಣ್ಣ ಹಿತ್ತಾಳೆ ರೋಲರ್‌ನಿಂದ ಆ ಮೂಲೆಯನ್ನು ಒತ್ತಿ. ತಣಿದ ಮೇಲೆ ದುಂಡಗೆ ಕತ್ತರಿಸಿದ, ಬಲೆ ಇಲ್ಲದ ಟಿಪಿಒ ಪ್ಯಾಚ್ ಅದರ ಮೇಲೆ ಬೆಸೆಯಿರಿ. ನಾಲ್ಕು ಶೀಟು ಒಂದೇ ಬಿಂದುವಿನಲ್ಲಿ ಸೇರುವಂತೆ ಎಂದೂ ಹಾಸಬೇಡಿ, ತುದಿಗಳನ್ನು ಹಿಂದೆ ಮುಂದೆ ಮಾಡಿ. ಕತ್ತರಿಸಿದ ಅಂಚಿನಲ್ಲಿ ದಾರ ಹೊರಗೆ ಕಾಣುತ್ತಿದ್ದರೆ ಅಂಚಿಗೆ ಸೀಲಂಟ್ ಎಳೆಯಿರಿ. ದೀಪದ ಬತ್ತಿ ಎಣ್ಣೆ ಹೀರುವಂತೆ ಆ ದಾರ ನೀರು ಹೀರುತ್ತದೆ.

ಪ್ರತಿ ಮೀಟರನ್ನೂ ಚುಚ್ಚಿ ನೋಡುವುದು

ಸಂಜೆಗೆ ಆ ದಿನದ ಎಲ್ಲ ಜೋಡಣೆಗಳೂ ತಣಿದಿರುತ್ತವೆ. ಮೊನೆ ಉಜ್ಜಿ ಮೊಂಡು ಮಾಡಿದ ಸ್ಕ್ರೂಡ್ರೈವರ್ ಅಥವಾ ಇದಕ್ಕೆಂದೇ ಬರುವ ಕೊಕ್ಕೆ ತೆಗೆದುಕೊಂಡು ಲ್ಯಾಪಿನ ಅಂಚಿಗೆ ಒತ್ತಿ ಎಳೆಯುತ್ತ ಹೋಗಿ. ಒಳಗೆ ತಳ್ಳುವ ಬಲ ಇರಲಿ, ಕೊರೆಯುವ ಬಲ ಬೇಡ. ಬಿಸಿ ಇರುವಾಗ ಮಾಡಿದರೆ ಒಳ್ಳೆಯ ಬೆಸುಗೆಯನ್ನೂ ನೀವೇ ಬಿಚ್ಚಿಬಿಡುತ್ತೀರಿ. ಮೊನೆ ಒಳಗೆ ಇಳಿದ ಕಡೆ ಮಾರ್ಕರ್‌ನಿಂದ ಗುರುತು ಹಾಕಿ. ಬೆಸೆದವನೇ ಪರೀಕ್ಷೆ ಮಾಡಬಾರದು, ಇನ್ನೊಬ್ಬ ಮಾಡಲಿ. ಬಿಸಿಲಿಗೆ ಬಿಳಿ ಶೀಟು ಕಣ್ಣು ಕುಕ್ಕುತ್ತದೆ. ಕಪ್ಪು ಕನ್ನಡಕ ಇಲ್ಲದೆ ಇಳಿಹೊತ್ತಿಗೆ ಮೊದಲು ಈ ಕೆಲಸ ಸರಿಯಾಗಿ ಆಗುವುದಿಲ್ಲ.

ಇಂಚು ಎರಡು ಇಂಚು ಬಿಟ್ಟಿದ್ದರೆ ಕೈ ಗನ್ನಿನಿಂದ ಮತ್ತೆ ಬೆಸೆದು ಚುಚ್ಚಿ ನೋಡಿ. ಸುಟ್ಟಿದ್ದರೆ ಅಥವಾ ಉದ್ದಕ್ಕೆ ಬಿಟ್ಟಿದ್ದರೆ ಮೇಲೆ ಪಟ್ಟಿ ಬೇಕು, ಎಲ್ಲ ಕಡೆ 50 ಮಿ.ಮೀ. ಆಚೆ ದಾಟುವಂತೆ, ಮೂಲೆ ದುಂಡಗೆ. ಚೂಪು ಮೂಲೆ ಎದ್ದುಕೊಳ್ಳುತ್ತದೆ. ನೀರು ನಿಲ್ಲಿಸಿ ಪರೀಕ್ಷೆ ಮಾಡೋಣ ಎನ್ನುವವರಿಗೆ ಒಂದು ಮಾತು. 25 ಮಿ.ಮೀ. ನೀರೆಂದರೆ ಚದರ ಮೀಟರಿಗೆ 25 ಕಿಲೋ. ಡೆಕ್ ಅದನ್ನು ಹೊರುತ್ತದೆಯೇ ಎಂದು ಎಂಜಿನಿಯರನ್ನು ಕೇಳದೆ ಪೈಪು ತೆರೆಯಬೇಡಿ.

ದಿನದ ಕೆಲಸ ನಿಲ್ಲಿಸುವಾಗ ತೆರೆದ ಅಂಚನ್ನು ಡೆಕ್‌ಗೆ ಮುಚ್ಚಿ ಸೀಲ್ ಮಾಡಿ, ರಾತ್ರಿ ಮಳೆ ಬಂದರೆ ನೀರು ರಾಕ್‌ವೂಲ್ ಒಳಗೆ ಓಡದಂತೆ. ಮೇಲೆ ನಾಲ್ಕು ಮರಳು ಚೀಲ ಇಟ್ಟು ಇಳಿಯುವುದು ಸಾಲದು. ಕೊನೆಯ ಶೀಟಿಗೆ ಒಂದು ಅಂಚಿನಲ್ಲಾದರೂ ಪೂರ್ತಿ ಸಾಲು ಸ್ಕ್ರೂ ಬಿದ್ದಿರಬೇಕು, ಇನ್ನೊಂದು ಅಂಚು ಪೂರ್ತಿ ಬೆಸೆದಿರಬೇಕು. ಏಪ್ರಿಲ್ ಮೇ ತಿಂಗಳ ಸಂಜೆ ಗುಡುಗು ಗಾಳಿ ಬರುವುದಕ್ಕೆ ಹತ್ತು ನಿಮಿಷ ಮೊದಲು ಯಾರೂ ಹೇಳಿ ಕಳಿಸುವುದಿಲ್ಲ.